ಚೆಂಡಿಗೆ ತಲೆ ಕೊಡುವ ಮುನ್ನ ಕತ್ತು ಗಟ್ಟಿಯಾಗಲಿ

ಮಳೆಗಾಲ ಮುಗಿದು ಸಮುದ್ರ ಶಾಂತವಾದರೆ ಕುಮಟಾ, ಹೊನ್ನಾವರ, ಭಟ್ಕಳದ ಮರಳ ದಂಡೆಗಳು ಸಂಜೆಯ ಹೊತ್ತು ಮಕ್ಕಳ ಆಟದ ಬಯಲಾಗುತ್ತವೆ. ಅಘನಾಶಿನಿಯ ದಡದ ಕೊಯ್ಲಾದ ಗದ್ದೆಗಳಲ್ಲೂ ಅಷ್ಟೇ. ಅಲ್ಲಿ ಫುಟ್‌ಬಾಲ್ ಆಡುವ ಮಕ್ಕಳು ಚೆಂಡು ಎತ್ತರಕ್ಕೆ ಬಂದೊಡನೆ ಕಣ್ಣು ಮುಚ್ಚಿ ತಲೆ ಒಡ್ಡುವುದನ್ನು ಪಾಲಕರು ನೋಡಿರಬಹುದು. ಆಮೇಲೆ ‘ತಲೆ ನೋವು’ ಎಂದು ಮನೆಗೆ ಬರುವವರು ಹೆಚ್ಚಾಗಿ ಇವರೇ.

ದೊಡ್ಡವರ ಆಟದ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದು ಸಡಿಲವಾದ ಕತ್ತಿನ ಮೇಲಿರುವ ತಲೆಗೆ ಬಡಿದರೆ ತಲೆಯೊಂದೇ ಹಿಂದಕ್ಕೆ ಜರ್ರನೆ ಚಲಿಸುತ್ತದೆ, ಒಳಗಿನ ಮಿದುಳೂ ಅಲುಗಾಡುತ್ತದೆ. ಕತ್ತಿನ ಸ್ನಾಯುಗಳು ಬಿಗಿಯಾಗಿದ್ದರೆ ತಲೆ, ಕತ್ತು, ಎದೆ ಒಂದೇ ದಿಮ್ಮಿಯಂತೆ ನಿಂತು ಪೆಟ್ಟನ್ನು ಹಂಚಿಕೊಳ್ಳುತ್ತವೆ. ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕತ್ತು ಸಪೂರ. ಈ ಕಾರಣದಿಂದ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷದೊಳಗಿನವರಿಗೆ ತಲೆಯಿಂದ ಚೆಂಡು ಹೊಡೆಯುವುದನ್ನೇ ನಿಷೇಧಿಸಿತು. 2020ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳು ಪ್ರಾಥಮಿಕ ಶಾಲೆಯ ಮಕ್ಕಳ ಅಭ್ಯಾಸದಿಂದ ಅದನ್ನು ಕೈಬಿಟ್ಟವು. ನಮ್ಮಲ್ಲೂ 12 ವರ್ಷ ತುಂಬುವವರೆಗೆ ಕಾಲಾಟವೇ ಸಾಕು.

ಈಗ 13 ವರ್ಷದ ಹುಡುಗನೊಬ್ಬ ಕಲಿಯಲು ಹೊರಟಿದ್ದಾನೆ ಎನ್ನೋಣ. ಮೊದಲ ಮೂರು ವಾರ ಅವನಿಗೆ ಚೆಂಡು ಬೇಡ. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಹಣೆಯಿಂದ ಅಂಗೈಯನ್ನು ಮುಂದಕ್ಕೆ ತಳ್ಳಬೇಕು. ಐದಾರು ಸೆಕೆಂಡು ತಳ್ಳಿ ಬಿಡುವುದು. ಹೀಗೇ ತಲೆಯ ಹಿಂಬದಿಗೆ, ಎಡಕ್ಕೆ, ಬಲಕ್ಕೆ. ಪ್ರತಿ ದಿಕ್ಕಿಗೆ ಐದು ಸಲದಂತೆ ವಾರಕ್ಕೆ ಮೂರು ದಿನ ಮಾಡಿದರೆ ಸಾಕು. ಉಸಿರು ಕಟ್ಟಬಾರದು, ನೋವು ಬಂದರೆ ನಿಲ್ಲಿಸಬೇಕು.

ನಂತರ ಹಗುರವಾದ, ಮೆತ್ತನೆಯ ಚೆಂಡು. ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗಬೇಕು. ಚೆಂಡು ತಾಗಬೇಕಾದುದು ಹುಬ್ಬಿನ ಮೇಲೆ, ಕೂದಲು ಶುರುವಾಗುವ ಗೆರೆಯ ಕೆಳಗಿನ ಚಪ್ಪಟೆ ಜಾಗಕ್ಕೆ. ಅಲ್ಲಿ ಮೂಳೆ ದಪ್ಪ, ಚೆಂಡೂ ಕಣ್ಣಿಗೆ ಕಾಣುತ್ತಿರುತ್ತದೆ. ಕಿವಿಯ ಮುಂದಿನ ಕಪೋಲದಲ್ಲಿ ಮೂಳೆ ತೆಳು, ಅಲ್ಲಿಗೆ ತಾಗಕೂಡದು. ಮೊದಲು ಚೆಂಡನ್ನು ಕೈಯಲ್ಲೇ ಹಿಡಿದು ಹಣೆಗೆ ಮುಟ್ಟಿಸಿಕೊಂಡು ಆ ಜಾಗದ ಗುರುತು ಮಾಡಿಕೊಳ್ಳಲಿ. ಬಳಿಕ ಗೆಳೆಯ ಎರಡು ಮೀಟರ್ ದೂರದಿಂದ ಮೆಲ್ಲಗೆ ಎಸೆಯಲಿ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು (ಇಲ್ಲದಿದ್ದರೆ ನಾಲಿಗೆ ಕಚ್ಚಿಕೊಳ್ಳುವ ಭಯ), ಗದ್ದ ತುಸು ಒಳಕ್ಕೆ. ಸೊಂಟದಿಂದ ಹಿಂದಕ್ಕೆ ಬಾಗಿ, ಕತ್ತು ಬಿಗಿಮಾಡಿ, ಮುಂದೆ ಬಂದು ಚೆಂಡನ್ನು ಹೊಡೆಯಬೇಕು. ಚೆಂಡು ತಲೆಗೆ ಬಡಿಯುವವರೆಗೆ ಕಾಯುತ್ತ ನಿಲ್ಲಬಾರದು.

ತಪ್ಪನ್ನು ಪಾಲಕರೂ ಗುರುತಿಸಬಹುದು. ಚೆಂಡು ನೇರ ಮೇಲಕ್ಕೆ ಹಾರಿ ನಡುನೆತ್ತಿ ಉರಿದರೆ ನೆತ್ತಿಯಿಂದ ಹೊಡೆದಿದ್ದಾನೆ. ಮೂಗಿಗೆ ತಾಗಿದರೆ ಕಣ್ಣು ಮುಚ್ಚಿದ್ದಾನೆ. ಮರುದಿನ ಕತ್ತು ನೋಯುತ್ತಿದ್ದರೆ ಕತ್ತು ಸಡಿಲ ಬಿಟ್ಟಿದ್ದಾನೆ.

ನೆಗೆತ ಕೊನೆಯ ಪಾಠ. ಒಂದು ಅಡಿ ಎತ್ತರ ನೆಗೆಯುವವನು ಗಾಳಿಯಲ್ಲಿರುವುದು ಸುಮಾರು ಅರ್ಧ ಸೆಕೆಂಡು. ಅದರಲ್ಲಿ ನಡುವಿನ ಕಾಲು ಸೆಕೆಂಡು ಮಾತ್ರ ಅವನ ತಲೆ ನೆಗೆತದ ತುದಿಯ ಮೂರು ಅಂಗುಲದೊಳಗೆ ಇರುತ್ತದೆ. ಚೆಂಡು ಆಗಲೇ ಹಣೆಗೆ ಸಿಗಬೇಕು. ಹೊಸಬರು ಆತುರದಿಂದ ಬೇಗ ನೆಗೆದು, ಕೆಳಗಿಳಿಯುವಾಗ ಚೆಂಡನ್ನು ನೆತ್ತಿಯ ಮೇಲೆ ಬೀಳಿಸಿಕೊಳ್ಳುತ್ತಾರೆ. ಚೆಂಡು ಬೀಳುವ ಜಾಗವನ್ನು ಮೊದಲು ಅಂದಾಜು ಮಾಡಿ, ಒಂದೆರಡು ಹೆಜ್ಜೆ ಹಿಂದೆ ನಿಂತು, ಓಡಿ ಬಂದು ಒಂಟಿಗಾಲಿನಲ್ಲಿ ಚಿಮ್ಮಬೇಕು. ಇಳಿಯುವಾಗ ಎರಡೂ ಕಾಲು, ಮಂಡಿ ಸಡಿಲ. ಒಣ ಮರಳಿನಲ್ಲಿ ಕಾಲು ಹೂತು ಲೆಕ್ಕ ತಪ್ಪುತ್ತದೆ. ಇಳಿತದ ಹೊತ್ತಿನ ಒದ್ದೆ, ಗಟ್ಟಿ ಮರಳು ಒಳ್ಳೆಯದು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ತಂಡ ಗೋವಾವನ್ನು ಸೋಲಿಸಿದ್ದು ಇಂಥ ಒಂದು ಹೊಡೆತದಿಂದ: ಹೆಚ್ಚುವರಿ ಸಮಯದ ಕೊನೆಯಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ರಾಹುಲ್ ಭೇಕೆ ತಲೆಯಿಂದ ಗೋಲಿಗೆ ಸೇರಿಸಿದ್ದರು.

ಸರಿಯಾದ ಕ್ರಮವೂ ಅಪಾಯವನ್ನು ಪೂರ್ತಿ ನಿವಾರಿಸದು. ಸ್ಕಾಟ್ಲೆಂಡ್‌ನ ಮಾಜಿ ವೃತ್ತಿಪರ ಆಟಗಾರರಲ್ಲಿ ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಗ್ಲಾಸ್ಗೊ ವಿಶ್ವವಿದ್ಯಾಲಯದ ಅಧ್ಯಯನ 2019ರಲ್ಲಿ ತಿಳಿಸಿತು. ಅವರದು ವರ್ಷಗಟ್ಟಲೆಯ ಆಟ, ನಿಜ. ಆದರೂ ಎಳೆಯರಿಗೆ ವಾರಕ್ಕೊಂದೇ ದಿನ, ಹತ್ತು ಹೊಡೆತದೊಳಗಿನ ಅಭ್ಯಾಸ ಸಾಕು.

ಪೆಟ್ಟಿನ ಬಳಿಕ ತಲೆಸುತ್ತು, ವಾಕರಿಕೆ, ಮಂಕು, ಕಣ್ಣಿಗೆ ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಅಂದಿನ ಆಟ ಮುಗಿಯಿತು. ವೈದ್ಯರು ಹೇಳುವವರೆಗೆ ಮತ್ತೆ ಆಡಿಸಬಾರದು. ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಕವಿದರೆ ‘ಮಲಗಿದರೆ ಸರಿಹೋಗುತ್ತದೆ’ ಎನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.