ಗುರುಗಳ ಹೆಸರಿನ ನಿಧಿಗೆ ಹೆಸರಿಡುವುದು ಹೇಗೆ?

ಪ್ರಶ್ನೆ: ನಮ್ಮ ಊರಿನ ದಿವಂಗತ ಗಣಿತ ಮಾಸ್ತರರ ಹೆಸರಿನಲ್ಲಿ ಶಿಷ್ಯರೆಲ್ಲ ಸೇರಿ ವಿದ್ಯಾರ್ಥಿವೇತನ ನಿಧಿ ಮಾಡುತ್ತಿದ್ದೇವೆ. ಬಿರುದುಗಳನ್ನೆಲ್ಲ ಹೆಸರಿಗೆ ಸೇರಿಸಬೇಕೆ?
– ಓದುಗರು, ತಿಕೋಟಾ

ಉತ್ತರ: ವಿಜಯಪುರದ ಎಂಜಿನಿಯರಿಂಗ್ ಕಾಲೇಜಿನ ಫಲಕ ನೋಡಿ. ಬಿ.ಎಲ್.ಡಿ.ಇ. ಸಂಸ್ಥೆ ಅದಕ್ಕೆ ಫ.ಗು. ಹಳಕಟ್ಟಿಯವರ ಹೆಸರನ್ನು 'ವಚನ ಪಿತಾಮಹ' ಎಂಬ ಬಿರುದಿನ ಸಮೇತ ಇಟ್ಟಿದೆ. ಇಂಗ್ಲಿಷ್ ಹೆಸರಿನಲ್ಲಿ ಆ ಬಿರುದು 'ವಿ.ಪಿ.' ಎಂಬ ಎರಡಕ್ಷರವಾಗಿ ಕುಗ್ಗಿದೆ. ಉದ್ದದ ಗೌರವಕ್ಕೆ ಆಗುವುದು ಇದೇ.

ಆದ್ದರಿಂದ ಬಿರುದು ಬೇಡ. ಜನ ಕರೆಯುತ್ತಿದ್ದ ಹೆಸರು, ಅದರ ಮುಂದೆ 'ಮಾಸ್ತರ ಗಣಿತ ವಿದ್ಯಾರ್ಥಿವೇತನ ನಿಧಿ' ಎಂದಿದ್ದರೆ ಸಾಕು. ಬರೀ 'ಸ್ಮಾರಕ ನಿಧಿ' ಎಂದರೆ ಮುಂದೊಂದು ದಿನ ಪುತ್ಥಳಿಗೂ ಹಣ ಕೇಳುತ್ತಾರೆ! ಹಾಗೆಂದು ಊರು, ತರಗತಿ, ಮೊತ್ತಗಳನ್ನು ಹೆಸರಿಗೆ ತುರುಕಬೇಡಿ. ಅರ್ಹರು ಸಿಗದ ವರ್ಷ ಹೆಸರೇ ತೊಡಕಾದೀತು. ಅವು ಟ್ರಸ್ಟ್ ಪತ್ರದಲ್ಲಿರಲಿ: ತಿಕೋಟಾ, ಬಬಲೇಶ್ವರ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ, ಅರ್ಜಿ ಬಾರದಿದ್ದರೆ ಪಕ್ಕದ ತಾಲ್ಲೂಕಿನವರಿಗೆ.

ಇನ್ನು ಮೊತ್ತದ ಮಾತು: ನಿಧಿಯಲ್ಲಿ 2 ಲಕ್ಷ ರೂಪಾಯಿ ಠೇವಣಿ ಇಟ್ಟರೆ ಶೇ. 6ರಂತೆ ವರ್ಷಕ್ಕೆ 12,000 ರೂ. ಬಡ್ಡಿ ಬರುತ್ತದೆ. ಅದನ್ನು ಹತ್ತು ಮಂದಿಗೆ ಹಂಚಿದರೆ ಸನ್ಮಾನವಷ್ಟೇ ಆದೀತು. ಇಬ್ಬರಿಗೇ ಕೊಡಿ.