ಲಂಬವಾಗಿ ನಿಲ್ಲುವ ಗುಂಪು

ಆರು ಪರಮಾಣುಗಳ ಉಂಗುರಕ್ಕೆ ಅಂಟಿದ ಗುಂಪು ಸಾಮಾನ್ಯವಾಗಿ ಬದಿಗೆ ಚಾಚಿಕೊಳ್ಳುತ್ತದೆ; ಲಂಬವಾಗಿ ನಿಂತರೆ ಹತ್ತಿರದ ಹೈಡ್ರೋಜನ್‌ಗಳ ಜೊತೆ ಇಕ್ಕಟ್ಟು. ಆದರೆ ಗ್ಲೂಕೋಸನ್ನು ಆಮ್ಲ ಬೆರೆಸಿದ ಮೆಥನಾಲ್‌ನಲ್ಲಿ ಸಾಕಷ್ಟು ಹೊತ್ತು ಕಾಯಿಸಿದರೆ, ಒಂದನೇ ಇಂಗಾಲದ ಮೆಥಾಕ್ಸಿ ಗುಂಪು ಲಂಬವಾಗಿರುವ ಆಲ್ಫಾ ರೂಪವೇ ಬೀಟಾ ರೂಪದ ಸುಮಾರು ಎರಡರಷ್ಟು ಸಿಗುತ್ತದೆ. ಇದೇ ಅನೋಮೆರಿಕ್ ಪರಿಣಾಮ.

ಕಾರಣ ಉಂಗುರದೊಳಗಿನ ಆಮ್ಲಜನಕ. ಅದರ ಒಂಟಿ ಎಲೆಕ್ಟ್ರಾನ್ ಜೋಡಿ ಲಂಬ ಬಂಧಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿದ್ದು, ಆ ಬಂಧದ ಖಾಲಿ ಕಕ್ಷಕದೊಳಕ್ಕೆ ತುಸು ಹರಿಯುತ್ತದೆ, ಅಣು ಸ್ಥಿರವಾಗುತ್ತದೆ. ಗುಂಪು ಎಲೆಕ್ಟ್ರಾನನ್ನು ಹೆಚ್ಚು ಸೆಳೆದಷ್ಟೂ ಹರಿವು ಸುಲಭ. ಕ್ಲೋರಿನ್ ಲಂಬವಾಗಿರುವ ಸ್ಫಟಿಕಗಳಲ್ಲಿ ಇದರ ಗುರುತು ಕಾಣುತ್ತದೆ: ಕ್ಲೋರಿನ್ ಬಂಧ ಉದ್ದ, ಪಕ್ಕದ ಆಮ್ಲಜನಕದ ಬಂಧ ಗಿಡ್ಡ. ಬದಿಗೆ ಚಾಚಿದಾಗ ಧ್ರುವಗಳ ವಿಕರ್ಷಣೆ ಹೆಚ್ಚುವುದೂ ಒಂದು ಕಾರಣ. ಅದನ್ನು ನೀರು ತಗ್ಗಿಸುತ್ತದೆ. ನೀರಿನಲ್ಲಿ ಗ್ಲೂಕೋಸಿನ ಆಲ್ಫಾ ರೂಪ ಸುಮಾರು ಶೇ. 36 ಮಾತ್ರ.