ಒಬ್ಬ ಚೆಕಾಫ್, ಹಲವು ಬರಹ

ರಷ್ಯಾದ ಕತೆಗಾರ ಚೆಕಾಫ್ ಕನ್ನಡದಲ್ಲಿ ಚೆಕೊವ್, ಚೆಕೋವ್, ಚೆಖೋವ್ ಕೂಡ ಆಗುತ್ತಾನೆ. ಯಾವುದೂ ಪೂರ್ತಿ ತಪ್ಪಲ್ಲ. ರಷ್ಯನ್ ಬರಹದಲ್ಲಿ ಕೊನೆಗಿರುವುದು 'ವ್', ಉಚ್ಚಾರದಲ್ಲಿ ಅದು 'ಫ್'. ನಡುವಿನ ಧ್ವನಿ ಬಾಯಿಯ ಹಿಂಭಾಗದಲ್ಲಿ ಉಜ್ಜಿಕೊಂಡು ಬರುವಂಥದ್ದು. ನಮ್ಮ ಕ, ಖ, ಹ ಯಾವುದೂ ಅದಕ್ಕೆ ಸರಿಹೊಂದದು. ಒಬ್ಬರು ಬರಹವನ್ನು, ಇನ್ನೊಬ್ಬರು ಉಚ್ಚಾರವನ್ನು ಹಿಡಿದು ಹೊರಟರೆ ಪುಸ್ತಕದ ಕೊನೆಯ ಪದಸೂಚಿಯಲ್ಲಿ ಒಬ್ಬನೇ ಎರಡು ಕಡೆ ಕೂರುತ್ತಾನೆ.

ರೂಪವೊಂದನ್ನು ಆರಿಸಿದ ಮೇಲೂ ವಿಭಕ್ತಿ ಕಾಟ ಕೊಡುತ್ತದೆ. 'ಚೆಕಾಫ್' ಟೈಪ್ ಮಾಡಿ 'ನ' ಒತ್ತಿದರೆ ಒತ್ತಕ್ಷರ ಮೂಡಿ 'ಚೆಕಾಫ್ನ' ಆಗುತ್ತದೆ. 'ಚೆಕಾಫ್‌ನ' ಬೇಕೆಂದರೆ ನಡುವೆ U+200C ಎಂಬ, ಕಣ್ಣಿಗೆ ಕಾಣದ ಚಿಹ್ನೆ ಇರಬೇಕು. ಇದೇ ಚಿಹ್ನೆ ಪದದ ಕೊನೆಯಲ್ಲಿ ಸುಮ್ಮನೆ ಉಳಿದುಬಿಟ್ಟರೆ ಎರಡು 'ಚೆಕಾಫ್'ಗಳು ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎದುರಿಗೇ ಇರುವ ಹೆಸರು ಹುಡುಕಿದಾಗ ಸಿಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನನಗೆ 'ಚೆಕಾಫನ', 'ಚೆಕಾಫನಿಗೆ' ಎಂಬ ರೂಪಗಳೇ ಇಷ್ಟ. ಕನ್ನಡದ ಜಾಯಮಾನಕ್ಕೂ ಒಗ್ಗುತ್ತವೆ, ಕಾಣದ ಚಿಹ್ನೆಯ ಹಂಗೂ ಇಲ್ಲ. ಬಹುವಚನದ ಗೌರವ ಬೇಕೆನ್ನುವವರು 'ಚೆಕಾಫರ' ಎನ್ನಬಹುದು. ಯಾವುದಾದರೂ ಸರಿ, ಕರಡು ತಿದ್ದುವವರ ಮೇಜಿನ ಮೇಲಿನ ಹೆಸರುಪಟ್ಟಿಯಲ್ಲಿ ಮೂಲರೂಪದ ಪಕ್ಕದಲ್ಲೇ ಇಂಥ ವಿಭಕ್ತಿರೂಪಗಳನ್ನೂ ಬರೆದಿಡಬೇಕು. ಈಗಾಗಲೇ ಅಚ್ಚಾದ ಪುಸ್ತಕದ ಶೀರ್ಷಿಕೆಯಲ್ಲಿ 'ಚೆಕೊವ್' ಇದ್ದರೆ ಮಾತ್ರ ಅದನ್ನು ಮುಟ್ಟಬಾರದು.